ಸಹಾಯ ಬೇಕು: ಬೇಲಿ ಲೆಕ್ಕದಲ್ಲಿ A′ ಸೊನ್ನೆಯಾಗದ ಕಡೆ ಗರಿಷ್ಠ ವಿಸ್ತೀರ್ಣ?

ನಮಸ್ಕಾರ. ಪಿಯುಸಿ ಓದುವ ತಂಗಿಗೆ ಹೇಳಿಕೊಡುತ್ತಿರುವ ಲೆಕ್ಕ ಇದು. 120 ಮೀಟರ್ ಬೇಲಿ ಇದೆ. ಒಂದು ಬದಿಗೆ ಗೋಡೆ ಇರುವುದರಿಂದ ಉಳಿದ ಮೂರು ಬದಿಗಷ್ಟೇ ಬೇಲಿ ಹಾಕಿ, ಅತಿ ಹೆಚ್ಚು ವಿಸ್ತೀರ್ಣದ ಆಯತ ಮಾಡಬೇಕು. ಗೋಡೆಗೆ ಲಂಬವಾದ ಬದಿ x ಆದರೆ:

A = x(120 − 2x)
A′ = 120 − 4x = 0, x = 30

A″ = −4, ಹಾಗಾಗಿ ಗರಿಷ್ಠ 30 × 60 = 1800 ಚದರ ಮೀಟರ್. ಇಲ್ಲಿಯವರೆಗೆ ಸಲೀಸು.

ಆದರೆ ಗೋಡೆಯ ಉದ್ದ 50 ಮೀಟರ್ ಮಾತ್ರ, ಆಯತ ಅದನ್ನು ದಾಟಬಾರದು ಅಂತ ಕೊನೆಯ ಸಾಲಲ್ಲಿ ಸೇರಿಸಿದ್ದಾರೆ (ಇಂಥ ಸಾಲನ್ನು ಯಾವಾಗಲೂ ಕೊನೆಗೇ ಇಡುತ್ತಾರೆ!). ಅಂದರೆ 120 − 2x ≤ 50, x ≥ 35. ಅಲ್ಲಿಂದ ಮುಂದೆ A′ ಎಲ್ಲೂ ಸೊನ್ನೆಯಾಗುವುದಿಲ್ಲ, 35ರಲ್ಲೇ −20. A ಇಳಿಯುತ್ತಲೇ ಹೋಗುವುದರಿಂದ ಗರಿಷ್ಠ ತುದಿಯಲ್ಲೇ, 35 × 50 = 1750.

ಉತ್ತರ ಸರಿಯಿದೆ ಅನ್ನಿಸುತ್ತದೆ. ಆದರೆ ತುದಿಯಲ್ಲಿ A″ ಪರೀಕ್ಷೆ ಬಳಸುವಂತಿಲ್ಲವಲ್ಲ, ಪರೀಕ್ಷೆಯಲ್ಲಿ ಸಮರ್ಥನೆ ಹೇಗೆ ಬರೆಯಬೇಕು? "A′ < 0, ಆದ್ದರಿಂದ ಇಳಿಕೆ" ಅಂದರೆ ಸಾಕೇ?

ಇನ್ನೊಂದು: ಗೋಡೆ ದಾಟಿದ ಭಾಗಕ್ಕೂ ಬೇಲಿ ಹಾಕಬಹುದು ಅಂದುಕೊಂಡರೆ, ಗೋಡೆಯ ದಿಕ್ಕಿನ ಬದಿ y ಇಟ್ಟು A = y(85 − y), y ≥ 50 ಬಂತು. ಅಲ್ಲೂ 1750ಏ ಗರಿಷ್ಠ. ಯಾರಾದರೂ ಪರಿಶೀಲಿಸಿ ಹೇಳುತ್ತೀರಾ?