ಡಬ್ಬದ ಮೇಲೆ ಎಎಕ್ಸ್ 5400, ಫೋನಲ್ಲಿ ಬರೀ 433: ರೂಟರ್ ವಾಪಸ್ ಮಾಡಲಾ?

ಕುವೆಂಪುನಗರ_ವಾಸಿ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. 500 ಎಂಬಿಪಿಎಸ್ ಫೈಬರ್ ಪ್ಲ್ಯಾನ್ ಇದೆ. ಹಳೇ ಎಸಿ 1200 ರೂಟರ್ ತೆಗೆದು ಹೊಸದು ಹಾಕಿದ್ದೇನೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಎಎಕ್ಸ್ 5400, ಅದರ ಕೆಳಗೆ ಆರು ಸ್ಟ್ರೀಮ್ ಅಂತ ಬರೆದಿದೆ. ಆದರೆ ರೂಟರ್ ಪಕ್ಕದಲ್ಲೇ ಕೂತು ಟೆಸ್ಟ್ ಮಾಡಿದರೂ ನನ್ನ ಫೋನಲ್ಲಿ 290ರ ಆಸುಪಾಸು ಬರುತ್ತದೆ. ಹಳೇದರಲ್ಲೂ ಇಷ್ಟೇ ಬರುತ್ತಿತ್ತು. ವೈಫೈ ಸೆಟ್ಟಿಂಗ್ಸ್ ಒಳಗೆ `Transmit link speed 433 Mbps` ಅಂತ ತೋರಿಸುತ್ತದೆ. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದರೆ 480 ಬರುತ್ತದೆ. ಪೀಸೇ ಸರಿ ಇಲ್ವಾ? ವಾಪಸ್ ಕೊಡಲು ಇನ್ನೂ ಟೈಮ್ ಇದೆ.

ಗೋಕುಲಂ_ಗೇಮರ್
ರೂಟರ್ ಪೇಜಲ್ಲಿ 5 ಗಿಗಾಹರ್ಟ್ಸ್‌ನ ಚಾನೆಲ್ ಅಗಲ 80 ಇರುತ್ತೆ ನೋಡಿ. ಅದನ್ನು 160 ಮಾಡಿ. ಸ್ಪೀಡ್ ಡಬಲ್ ಆಗುತ್ತೆ. ನಮ್ಮನೇಲಿ ಹಾಗೇ ಆಯ್ತು.

ಕುವೆಂಪುನಗರ_ವಾಸಿ
ಮಾಡಿ ನೋಡಿದೆ. ಫೋನಲ್ಲಿ ಅದೇ 433.

ವೈರ್_ಎಳೆಯೋನು
ಸರ್, ವಾಪಸ್ ಕೊಡುವ ಮುಂಚೆ ಡಬ್ಬದ ಹಿಂಭಾಗ ಓದಿ. ಮುಂದಿನ ನಂಬರ್ ಮಾರೋದಕ್ಕೆ, ಹಿಂದಿನದು ನಮಗೆ. ಅಲ್ಲಿ ಸಣ್ಣಕ್ಷರದಲ್ಲಿ 2.4 ಗಿಗಾಹರ್ಟ್ಸ್‌ಗೆ 574, 5 ಗಿಗಾಹರ್ಟ್ಸ್‌ಗೆ 4804 ಅಂತ ಇರಬೇಕು. ಕೂಡಿಸಿ:

```
574 + 4804 = 5378
```

ಅದನ್ನೇ ಮೇಲಕ್ಕೆ ದುಂಡು ಮಾಡಿ 5400 ಅಂತ ಹಾಕುತ್ತಾರೆ. ನಿಮ್ಮ ಫೋನ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ಗೆ ಸೇರುವುದು. ಹಾಗಾಗಿ ಮೊದಲ ನಂಬರ್ ಬಿಟ್ಟುಬಿಡಿ, 4804 ಮಾತ್ರ ಉಳಿಯಿತು.

ಸ್ಟ್ರೀಮ್ ಅಂದರೆ ಒಂದೇ ಹೊತ್ತಿಗೆ ಡೇಟಾ ಸಾಗಿಸುವ ಬೇರೆ ಬೇರೆ ದಾರಿಗಳಲ್ಲಿ ಒಂದು. ಈ 4804 ನಾಲ್ಕು ಸ್ಟ್ರೀಮ್ ಸೇರಿಸಿದ್ದು, ಅದೂ 160 ಮೆಗಾಹರ್ಟ್ಸ್ ಅಗಲದಲ್ಲಿ. ಡಬ್ಬದ ಆರು ಸ್ಟ್ರೀಮ್ ಅಂದರೆ 5ರಲ್ಲಿ ನಾಲ್ಕು, 2.4ರಲ್ಲಿ ಎರಡು. ನಾಲ್ಕು ಸ್ಟ್ರೀಮ್ ಒಟ್ಟಿಗೆ ಹಿಡಿಯುವ ಫೋನನ್ನು ನಾನಂತೂ ಕೈಯಲ್ಲಿ ಹಿಡಿದಿಲ್ಲ. ಒಳ್ಳೆಯ ಫೋನಲ್ಲಿ ಎರಡಿರುತ್ತೆ, ಕಡಿಮೆ ಬೆಲೆಯದರಲ್ಲಿ ಒಂದು. ಒಂದೇ ಸ್ಟ್ರೀಮ್ ಅಂದರೆ 4804ರಲ್ಲಿ ಕಾಲು ಭಾಗ, 1201. ಫೋನ್‌ಗೆ 160 ಬರದೆ 80 ಅಷ್ಟೇ ಬಂದರೆ ಅದರಲ್ಲೂ ಅರ್ಧ, 600. ಇಷ್ಟೂ ವೈಫೈ 6 ಇರುವ ಫೋನ್ ಲೆಕ್ಕ. ವೈಫೈ 5 ಫೋನ್ ಆದರೆ ಒಂದು ಸ್ಟ್ರೀಮ್, 80 ಅಗಲಕ್ಕೆ ಗರಿಷ್ಠ 433.

ನಿಮ್ಮ ಪರದೆ ಮೇಲಿರುವುದು ಅದೇ ನಂಬರ್. ಅಂದರೆ ಫೋನ್ ತನ್ನ ಕೈಲಾದಷ್ಟನ್ನು ಪೂರ್ತಿ ಕೊಡುತ್ತಿದೆ. ರೂಟರ್ ಯಾವುದೇ ತಂದರೂ ಇದು ಮೇಲೇರಲ್ಲ. ಲಿಂಕ್ ಸ್ಪೀಡ್‌ನಲ್ಲಿ ಮೂರನೇ ಒಂದು ಭಾಗ ವೈಫೈನ ಸ್ವಂತ ಕೆಲಸಕ್ಕೇ ಹೋಗುತ್ತೆ, ಆದ್ದರಿಂದ ಟೆಸ್ಟಲ್ಲಿ 290. ಎಲ್ಲ ಸರಿಯಾಗೇ ಇದೆ.

ಮಂಡ್ಯ_ಗುತ್ತಲು
ನಂದೂ ಇದೇ ಪ್ರಾಬ್ಲಮ್ಮು! 200ರ ಪ್ಲ್ಯಾನ್, ರೂಟರ್ ಎಸಿ 1200, ಟೆಸ್ಟಲ್ಲಿ 94 ದಾಟಲ್ಲ. ಹಾಗಾದ್ರೆ ನನ್ನ ಫೋನೂ ಒಂದು ಸ್ಟ್ರೀಮಿಂದಾ?

ವೈರ್_ಎಳೆಯೋನು
ನಿಮ್ಮದು ಬೇರೆ ಕಥೆ. ಬೆಳಿಗ್ಗೆ ಸಂಜೆ, ಹತ್ತಿರ ದೂರ ಎಲ್ಲ ಕಡೆ 94ರಲ್ಲೇ ನಿಂತರೆ ಅದು ವೈಫೈ ಅಲ್ಲ. ವೈಫೈ ಆದರೆ ಏರಿಳಿತ ಇರುತ್ತೆ. ಎಲ್ಲೋ ಒಂದು ಕಡೆ ತಂತಿ 100ಕ್ಕೆ ನಿಂತಿದೆ. ಡಬ್ಬದಲ್ಲಿ ಪೋರ್ಟ್ ಎದುರು 10/100 ಅಂತ ಇದೆಯಾ, 10/100/1000 ಅಂತ ಇದೆಯಾ ನೋಡಿ. ಮೊದಲನೇದಾದರೆ ಗಾಳಿಯಲ್ಲಿ 867 ಅಂತ ಬರೆದಿದ್ದರೂ ಇಂಟರ್ನೆಟ್ ಒಳಗೆ ಬರುವ ಬಾಗಿಲೇ ನೂರರದ್ದು.

ಮಂಡ್ಯ_ಗುತ್ತಲು
ನೋಡ್ದೆ, ಮೂರೂ ನಂಬರ್ ಇದೆ ಅಣ್ಣ.

ವೈರ್_ಎಳೆಯೋನು
ಹಾಗಾದರೆ ಫೈಬರ್ ಡಬ್ಬಿಯಿಂದ ರೂಟರ್‌ಗೆ ಬರುವ ಕೇಬಲ್ ಬದಲಾಯಿಸಿ. ಗಿಗಾಬಿಟ್‌ಗೆ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು. ಒಂದು ಕೈಕೊಟ್ಟರೆ ಸುಮ್ನೆ 100ಕ್ಕೆ ಇಳಿದು ಕೂರುತ್ತೆ, ಎಲ್ಲೂ ತಪ್ಪು ಅಂತ ತೋರಿಸಲ್ಲ. ಬದಲಾಯಿಸಿದರೂ 94 ಇದ್ದರೆ ಫೈಬರ್ ಡಬ್ಬಿಯ ಪೋರ್ಟ್ ನೋಡಬೇಕು.

ಕುವೆಂಪುನಗರ_ವಾಸಿ
ಸರ್, ಫೋನ್ ವಿಷಯ ಅರ್ಥ ಆಯ್ತು. ಆದರೆ ರೂಟರ್ ನಿಜವಾಗಲೂ 4804 ಕೊಡುತ್ತೆ ಅಂತ ನಾನು ತಿಳಿಯೋದು ಹೇಗೆ?

ವೈರ್_ಎಳೆಯೋನು
4804 ಅಂತೂ ಮನೇಲಿ ಕಾಣಲ್ಲ, ಅದಕ್ಕೆ ತಕ್ಕ ಸಾಧನವೇ ನಿಮ್ಮ ಹತ್ತಿರ ಇಲ್ಲ. ಎರಡು ಸ್ಟ್ರೀಮ್ ಇರುವ ಲ್ಯಾಪ್‌ಟಾಪ್ ಇದ್ದರೆ ಅರ್ಧದವರೆಗೆ ಪರೀಕ್ಷೆ ಮಾಡಬಹುದು. ವಿಂಡೋಸ್‌ನಲ್ಲಿ ಇದನ್ನು ಹೊಡೆಯಿರಿ:

```
netsh wlan show interfaces
```

`Radio type` ಮತ್ತು `Receive rate` ಎರಡೂ ಏನು ಬಂತು ಹೇಳಿ. 80ರಲ್ಲಿ ಒಮ್ಮೆ, 160ರಲ್ಲಿ ಒಮ್ಮೆ.

ಕುವೆಂಪುನಗರ_ವಾಸಿ
ಆಫೀಸ್ ಲ್ಯಾಪ್‌ಟಾಪಲ್ಲಿ ನೋಡಿದೆ. `802.11ax` ಅಂತ ಇದೆ. 80ರಲ್ಲಿ 1201, 160ರಲ್ಲಿ 2402. ಇಂಟರ್ನೆಟ್ ಟೆಸ್ಟ್ ಮಾತ್ರ ಎರಡರಲ್ಲೂ 475ರ ಹತ್ತಿರ.

ವೈರ್_ಎಳೆಯೋನು
ಪ್ಲ್ಯಾನೇ 500 ಅಲ್ವಾ, ಅದಕ್ಕಿಂತ ಜಾಸ್ತಿ ಎಲ್ಲಿಂದ ಬರಬೇಕು? ರೂಟರ್ ಗಟ್ಟಿಯಾಗಿದೆ. ನಾನಾಗಿದ್ದರೆ 80ರಲ್ಲೇ ಬಿಡುತ್ತಿದ್ದೆ. 36ರಿಂದ ಶುರುವಾಗುವ 160ರ ಚಾನೆಲ್‌ನ ಮೇಲಿನ ಅರ್ಧ ರೇಡಾರ್ ಜೊತೆ ಹಂಚಿಕೊಂಡ ಜಾಗ. ಅಲ್ಲಿ ಕೂರುವ ಮುಂಚೆ ರೂಟರ್ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು. ಆಮೇಲೆ ರೇಡಾರ್ ಅಂತ ಅನಿಸಿದರೆ ಜಾಗ ಬಿಡಬೇಕು. ಕರೆ ಮಧ್ಯೆ ವೈಫೈ ಮಾಯ ಆದರೆ ಕಾರಣ ಗೊತ್ತಾಗದೆ ಒದ್ದಾಡುತ್ತೀರಿ.

ಗೋಕುಲಂ_ಗೇಮರ್
ಇದನ್ನು ನಾನು ಒಪ್ಪಲ್ಲ. ನಮ್ಮನೇಲಿ 160 ಹಾಕಿದ ಮೇಲೆ ಒಂದು ಸಲವೂ ಕಟ್ ಆಗಿಲ್ಲ. ಮನೆ ಒಳಗಿನ ಸ್ಟೋರೇಜ್‌ನಿಂದ ಲ್ಯಾಪ್‌ಟಾಪಿಗೆ ದೊಡ್ಡ ಫೈಲ್ ಎಳೆಯುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ವೈರ್_ಎಳೆಯೋನು
ಫೈಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಸ್ಟೋರೇಜ್ ಗಿಗಾಬಿಟ್ ಪೋರ್ಟಲ್ಲಿದ್ದರೆ 940ರ ಹತ್ತಿರ ನಿಲ್ಲುತ್ತೆ, ಡಬಲ್ ಅಂತೂ ಆಗಲ್ಲ. ಕಟ್ ಆಗೋದು ಏರಿಯಾ ಮೇಲೆ ಹೋಗುತ್ತೆ, ಇಲ್ಲಿ ಕೂತು ಹೇಳಲು ಬರಲ್ಲ.

ಕುವೆಂಪುನಗರ_ವಾಸಿ
ಇನ್ನೊಂದು ಮಾತು. ಮೇಲಿನ ರೂಮಲ್ಲಿ ಹಳೇ ರೂಟರ್‌ಗೆ ಅದೇ ಫೋನಲ್ಲಿ 40 ಬರುತ್ತಿತ್ತು. ಈಗ 110 ಬರುತ್ತಿದೆ. ಫೋನ್ ಒಂದೇ ಸ್ಟ್ರೀಮ್ ಅಂದಮೇಲೆ ಇದು ಹೇಗೆ?

ವೈರ್_ಎಳೆಯೋನು
ಸ್ಟ್ರೀಮ್ ಒಂದೇ ಆದರೂ ಉಳಿದ ಆಂಟೆನಾ ದಂಡ ಅಲ್ಲ. ನಾಲ್ಕೂ ಸೇರಿ ಫೋನ್ ಇರುವ ಕಡೆಗೆ ಸಿಗ್ನಲ್ ಕೂಡಿಸಿ ಕಳಿಸುತ್ತವೆ. ಫೋನ್‌ನ ದುರ್ಬಲ ಸಿಗ್ನಲ್ಲನ್ನೂ ನಾಲ್ಕು ಕಡೆಯಿಂದ ಹಿಡಿಯುತ್ತವೆ. ಪಕ್ಕದಲ್ಲಿ ಕೂತಾಗ ಇದು ಕಾಣಲ್ಲ, ಗೋಡೆ ಅಡ್ಡ ಬಂದಾಗ ಕಾಣುತ್ತೆ. ಈ ಲಾಭ ಎಷ್ಟು ಅಂತ ಯಾವ ಡಬ್ಬದ ಮೇಲೂ ಬರೆದಿರಲ್ಲ. ಆದರೆ 110 ಪೂರ್ತಿ ಆಂಟೆನಾದಿಂದಲೇ ಬಂತೋ, ಹಳೇ ರೂಟರ್ ರೇಡಿಯೋನೇ ಕಳಪೆ ಇತ್ತೋ, ಹೇಳೋದು ಕಷ್ಟ. ಎಎಕ್ಸ್ 3000 ಅಂದರೆ 574 ಮತ್ತು 2402, ಎರಡು ಸ್ಟ್ರೀಮ್. ನಿಮ್ಮ ಫೋನ್‌ಗೆ ಪಕ್ಕದಲ್ಲಿ ಅದೂ 433 ಕೊಡುತ್ತೆ, ಬೆಲೆ ಕಡಿಮೆ. ಅದನ್ನು ಅದೇ ಜಾಗದಲ್ಲಿ ಇಟ್ಟು ಮೇಲಿನ ರೂಮಲ್ಲಿ ಅಳೆದರೆ ತೀರ್ಮಾನ ಸುಲಭ.

ಗೋಕುಲಂ_ಗೇಮರ್
ನನ್ನ ಹತ್ರ ಒಂದು ಎಎಕ್ಸ್ 3000 ಸುಮ್ನೆ ಬಿದ್ದಿದೆ. ಭಾನುವಾರ ತರ್ಲಾ?

ಕುವೆಂಪುನಗರ_ವಾಸಿ
ಖಂಡಿತ ಬನ್ನಿ, ಬೆಳಿಗ್ಗೆ ತಿಂಡಿಗೇ ಬನ್ನಿ. ಎರಡನ್ನೂ 80ರಲ್ಲೇ ಇಟ್ಟು ಅಳೆಯೋಣ.

ಮಂಡ್ಯ_ಗುತ್ತಲು
ಕೇಬಲ್ ಬದಲಾಯಿಸಿದೆ ಅಣ್ಣ. ಇನ್ನೂ 94. ಫೈಬರ್ ಡಬ್ಬಿ ಅಡಿಯ ಸ್ಟಿಕ್ಕರ್ ಫೋಟೋ ಹಾಕ್ತೀನಿ, ನೋಡಿ ಹೇಳಿ.