ಆವಿ ವಾಪಸ್ ಬಂದ ಮೇಲೂ ವಾಲ್ವ್ ಮುಚ್ಚುತ್ತಿಲ್ಲ: ಪಿಐಡಿ ವಿಂಡಪ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಸಕ್ಕರೆ ಕಾರ್ಖಾನೆ, ಮುಧೋಳ ಕಡೆ

ಸರ್, ನಮ್ಮ ರಾ ಜ್ಯೂಸ್ ಹೀಟರ್‌ಗೆ ಇವಾಪರೇಟರ್‌ನ ಎರಡನೇ ಬಾಡಿಯಿಂದ ಆವಿ ಬರುತ್ತದೆ. ಸೆಟ್‌ಪಾಯಿಂಟ್ 72 ಡಿಗ್ರಿ. ಆವಿಯ ಪ್ರೆಶರ್ ಬಿದ್ದಾಗ ವಾಲ್ವ್ ಪೂರ್ತಿ ತೆರೆದರೂ ರಸ 67ಕ್ಕೇ ನಿಲ್ಲುತ್ತದೆ. ಅದು ಸರಿ, ಆವಿ ಇಲ್ಲದಿದ್ದರೆ ಏನು ಮಾಡೋದು. ಆದರೆ ಇಪ್ಪತ್ತು ನಿಮಿಷದ ಮೇಲೆ ಪ್ರೆಶರ್ ವಾಪಸ್ ಬಂದರೆ ರಸ 82ಕ್ಕೆ ಹೋಗುತ್ತದೆ, ವಾಲ್ವ್ ಮಾತ್ರ ಇನ್ನೂ 100ರಲ್ಲೇ ಇರುತ್ತದೆ. ಎಂಟು ಹತ್ತು ನಿಮಿಷ ಹಾಗೇ. ಆಪರೇಟರ್ ಮ್ಯಾನುವಲ್‌ಗೆ ಹಾಕಿ ಮುಚ್ಚುತ್ತಾನೆ. Kp 4 ಇತ್ತು, 2 ಮಾಡಿದೆ, ಏನೂ ಫರಕ್ ಆಗಲಿಲ್ಲ. Ti 60 ಸೆಕೆಂಡ್, D ಇಲ್ಲ. ಪಿಎಲ್‌ಸಿಯಲ್ಲಿ ಹಿಂದಿನವರು ಬರೆದ ಕೋಡ್ ಇದು:

```
e := SP - PV;
I := I + (Kp/Ti)*e*dt;
U := Kp*e + I;
OUT := LIMIT(0.0, U, 100.0);
```

ದ್ರಾಕ್ಷಿ ಬೆಳೆಗಾರ, ವಿಜಯಪುರ ಜಿಲ್ಲೆ

ವಾಲ್ವ್ ಜಾಮ್ ಆಗಿರಬೇಕು ನೋಡ್ರಿ, ಪೊಸಿಶನರ್ ಬಿಚ್ಚಿ ನೋಡಿ. ನಮ್ಮ ಡ್ರಿಪ್ ಪಂಪಿನದೂ ಇದೇ ಗೋಳು. ಪ್ರೆಶರ್ ನೋಡಿ ವಿಎಫ್‌ಡಿ ಸ್ಪೀಡ್ ಏರಿಸಿ ಇಳಿಸೋ ಕಂಟ್ರೋಲರ್ ಇದೆ. ಫಿಲ್ಟರ್ ಕಟ್ಟಿಕೊಂಡರೆ ಪ್ರೆಶರ್ ಬರಲ್ಲ. ಫಿಲ್ಟರ್ ತೊಳೆದು ಹಾಕಿದ ಕೂಡಲೇ ಪಂಪು ಇಳಿಯೋದೇ ಇಲ್ಲ, ಲ್ಯಾಟರಲ್ ಪೈಪು ಕಳಚಿ ಬೀಳುತ್ತವೆ. ಮೋಟರ್ ಬಿಸಿಯಾಗುತ್ತೆ ಅಂತ ಡ್ರೈವ್‌ನಲ್ಲಿ 45 ಹರ್ಟ್ಸ್‌ಗೆ ಲಿಮಿಟ್ ಹಾಕಿದ್ದೇವೆ, ಆದರೂ ಹೀಗೆ.

ಪ್ಯಾನೆಲ್ ಕೆಲಸದವರು, ಉದ್ಯಮಬಾಗ, ಬೆಳಗಾವಿ

ಜಾಮ್ ಅಲ್ಲ. ಇದು ಇಂಟಿಗ್ರಲ್ ವಿಂಡಪ್, ವಾಲ್ವ್ ತುದಿ ಮುಟ್ಟಿದ ಮೇಲೂ `I` ತುಂಬುತ್ತಲೇ ಹೋಗೋದು. `I`ಗೂ 0ರಿಂದ 100ರ ಲಿಮಿಟ್ ಹಾಕಿ, ಮುಗೀತು. ಜೊತೆಗೆ Ti ಅನ್ನು 180 ಮಾಡಿ, ನಿಧಾನಕ್ಕೆ ತುಂಬಲಿ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಪ್ರೊಸೆಸ್ ಕಂಟ್ರೋಲ್ ಇಂಜಿನಿಯರ್, ಬಾಗಲಕೋಟೆ

ರೋಗ ಯಾವುದು ಅಂತ ಬೆಳಗಾವಿಯವರು ಸರಿಯಾಗಿ ಹೇಳಿದ್ದಾರೆ. ಮದ್ದಿನಲ್ಲಿ ಅರ್ಧ ಒಪ್ಪುತ್ತೇನೆ. ಮೊದಲು ನಿಮ್ಮದೇ ಅಂಕಿ ಹಿಡಿದು ಲೆಕ್ಕ ಮಾಡೋಣ. ಆಗ Kp ಇಳಿಸಿದರೂ ಯಾಕೆ ಫರಕ್ ಆಗಲಿಲ್ಲ ಅನ್ನೋದೂ ಗೊತ್ತಾಗುತ್ತದೆ.

ರಸ 67ರಲ್ಲಿ ನಿಂತಾಗ ಎರರ್ 5 ಡಿಗ್ರಿ. Kp 4 ಇದ್ದರೆ P ಭಾಗ 20. ಔಟ್‌ಪುಟ್ 100 ಮುಟ್ಟಿದ ಆ ಕ್ಷಣಕ್ಕೆ `I` 80 ಇರುತ್ತದೆ. ವಾಲ್ವ್ ಇನ್ನು ತೆರೆಯಲಾರದು, ಆದರೆ ನಿಮ್ಮ ಎರಡನೇ ಸಾಲಿಗೆ ಅದು ಗೊತ್ತಿಲ್ಲ. ಅದು ನಿಮಿಷಕ್ಕೆ 20ರಂತೆ ಕೂಡಿಸುತ್ತಲೇ ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೆ 400. ಅಂದರೆ `I` ಈಗ 480. `LIMIT` ಇರೋದು `OUT`ಗೆ ಮಾತ್ರ, ಹಾಗಾಗಿ ಸ್ಕ್ರೀನ್ ಮೇಲೆ 100 ಅಂತ ಶಾಂತವಾಗಿ ಕಾಣುತ್ತದೆ.

ಆವಿ ಬಂತು, ರಸ 82ಕ್ಕೆ ಹೋಯಿತು. ಎರರ್ ಮೈನಸ್ 10, P ಮೈನಸ್ 40. `U` ಇನ್ನೂ 440. ವಾಲ್ವ್ ಅಲುಗಾಡಬೇಕಾದರೆ `I` 140ಕ್ಕೆ ಇಳಿಯಬೇಕು. ಮೈನಸ್ 10 ಎರರ್‌ಗೆ ಅದು ನಿಮಿಷಕ್ಕೆ 40ರಂತೆ ಇಳಿಯುತ್ತದೆ. 340 ಇಳಿಯಲು ಎಂಟೂವರೆ ನಿಮಿಷ. ನೀವು ಹೇಳಿದ ಎಂಟು ಹತ್ತು ನಿಮಿಷ ಇದೇ.

ಈಗ Kp 2 ಹಾಕಿ ಇದೇ ಲೆಕ್ಕ ಮಾಡಿ. `I` 90ರಿಂದ ಶುರುವಾಗಿ 290ಕ್ಕೆ ಹೋಗುತ್ತದೆ, 120ಕ್ಕೆ ಇಳಿಯಬೇಕು, ಇಳಿಯೋದು ನಿಮಿಷಕ್ಕೆ 20. ಮತ್ತೆ ಎಂಟೂವರೆ ನಿಮಿಷವೇ! ತುಂಬೋದೂ ಖಾಲಿಯಾಗೋದೂ ಎರಡೂ Kp ಜೊತೆಗೇ ನಿಧಾನವಾಗುತ್ತವೆ. ಟ್ಯೂನಿಂಗ್‌ನಿಂದ ಇದು ಹೋಗಲ್ಲ ಅನ್ನೋದು ಅದಕ್ಕೇ. Ti 180 ಮಾಡಿದರೆ ಐದೂವರೆ ನಿಮಿಷಕ್ಕೆ ಬರಬಹುದು. ಆದರೆ ಅದಕ್ಕಾಗಿ ದಿನವಿಡೀ ಚೆನ್ನಾಗಿ ನಡೆಯುವ ಲೂಪನ್ನು ಮಂಕು ಮಾಡಿದಂತಾಯಿತು. ಅದು ನನಗೆ ಒಪ್ಪಿಗೆ ಇಲ್ಲ. Kp 4, Ti 60 ಇದ್ದ ಹಾಗೇ ಇಡಿ.

ಇನ್ನು `I`ಗೆ 100ರ ಲಿಮಿಟ್. ಅದರಿಂದ ದೊಡ್ಡ ಕಾಟ ಹೋಗುತ್ತದೆ, ಸುಳ್ಳಲ್ಲ. ಆದರೆ `I` 80ರಿಂದ 100ಕ್ಕೆ ಏರಿ ಕೂರುತ್ತದೆ. ಹಾಗಾಗಿ ರಸ 72 ದಾಟಿದ ಮೇಲೇ ವಾಲ್ವ್ ಮುಚ್ಚಲು ಶುರು. ಅಷ್ಟು ಹೊತ್ತಿಗೆ ಹೀಟರ್ ಟ್ಯೂಬುಗಳ ಸುತ್ತ ಆವಿ ತುಂಬಿ ಬಿಸಿ ಮುಂದಕ್ಕೆ ಹೊರಟಿರುತ್ತದೆ. ಅದರ ಬದಲು ಔಟ್‌ಪುಟ್ ತುದಿ ಮುಟ್ಟಿದಾಗ ಕೂಡಿಸೋದನ್ನೇ ನಿಲ್ಲಿಸಿ:

```
e := SP - PV;
U := Kp*e + I;
IF NOT ((U >= 100.0 AND e > 0.0)
     OR (U <= 0.0 AND e < 0.0)) THEN
  I := I + (Kp/Ti)*e*dt;
END_IF;
OUT := LIMIT(0.0, U, 100.0);
```

ಈಗ `I` 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆವಿ ಬಂದು ರಸ 70 ಮುಟ್ಟಿದರೆ ಎರರ್ 2, `U` 88. ಅಂದರೆ ಸೆಟ್‌ಪಾಯಿಂಟ್ ಇನ್ನೂ ಎರಡು ಡಿಗ್ರಿ ದೂರ ಇರುವಾಗಲೇ ವಾಲ್ವ್ 12 ಪರ್ಸೆಂಟ್ ಮುಚ್ಚಿರುತ್ತದೆ. ಆದರೆ ಓವರ್‌ಶೂಟ್ ಪೂರ್ತಿ ಹೋಗಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಪ್ರೆಶರ್ ಇದ್ದಾಗ ನಿಮ್ಮ ವಾಲ್ವ್ 60ರಲ್ಲಿ ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. `I` 80ರಿಂದ 60ಕ್ಕೆ ಇಳಿಯಲೇಬೇಕು. ಅದು ಇಳಿಯೋದು ರಸ 72ರ ಮೇಲಿದ್ದಾಗ ಮಾತ್ರ.

ಎರರ್‌ನ ಚಿಹ್ನೆ ನೋಡುವ ಭಾಗವನ್ನು ಬಿಡಬೇಡಿ. "ಔಟ್‌ಪುಟ್ 100 ಇದ್ದರೆ ಇಂಟಿಗ್ರಲ್ ನಿಲ್ಲಿಸು" ಅಂತ ಅಷ್ಟೇ ಬರೆಯುವವರಿದ್ದಾರೆ. ಯಾವುದೋ ಕಾರಣಕ್ಕೆ `I` 130 ಆಗಿದೆ, ರಸ 74 ಇದೆ ಅನ್ನಿ. `U` 122. ತುದಿಯಲ್ಲಿದೆ ಅಂತ ಇಂಟಿಗ್ರಲ್ ನಿಂತುಬಿಡುತ್ತದೆ, ಇಳಿಯಬೇಕಾದದ್ದೂ ಇಳಿಯಲ್ಲ. ಅಲ್ಲಿಗೆ ಸಿಕ್ಕಿಹಾಕಿಕೊಂಡ ಹಾಗೆ.

ವಿಜಯಪುರದ ಅಣ್ಣಾ, ನಿಮ್ಮದೂ ಇದೇ ರೋಗ, ಆದರೆ ಅಡಗಿ ಕೂತಿದೆ. ಡ್ರೈವ್ 45ಕ್ಕೆ ನಿಲ್ಲುತ್ತದೆ, ಕಂಟ್ರೋಲರ್ 50ರವರೆಗೂ ಜಾಗ ಇದೆ ಅಂದುಕೊಂಡಿದೆ. 45ರಿಂದ 50ರ ನಡುವೆ ಅದು ಏರಿದ್ದೆಲ್ಲ ವ್ಯರ್ಥ. ಇಳಿಯುವಾಗ ಅಷ್ಟನ್ನೂ ಮೊದಲು ಇಳಿಯಬೇಕು. 100 ಪರ್ಸೆಂಟ್ ಅಂದರೆ 50 ಹರ್ಟ್ಸ್ ಅಂತ ಸ್ಕೇಲ್ ಇದ್ದರೆ, ಕಂಟ್ರೋಲರ್‌ನ ಔಟ್‌ಪುಟ್ ಮೇಲ್ಮಿತಿಯನ್ನು 90 ಮಾಡಿ. ರೆಡಿಮೇಡ್ ಕಂಟ್ರೋಲರ್‌ನಲ್ಲಿ ಆ್ಯಂಟಿ ವಿಂಡಪ್ ಇದ್ದರೂ ಅದಕ್ಕೆ ಗೊತ್ತಿರೋದು ತನ್ನ ಲಿಮಿಟ್ ಮಾತ್ರ. ಹೊರಗಡೆ ಎಲ್ಲಿ ತಡೆ ಇದೆ ಅಂತ ನಾವೇ ಹೇಳಬೇಕು.

ಪಾಲಿಟೆಕ್ನಿಕ್ ಉಪನ್ಯಾಸಕಿ, ಬೆಳಗಾವಿ

ಬ್ಯಾಕ್ ಕ್ಯಾಲ್ಕುಲೇಶನ್ ಬಗ್ಗೆ ಯಾರೂ ಹೇಳಲಿಲ್ಲ. ವಿದ್ಯಾರ್ಥಿಗಳಿಗೆ ನಾನು ಅದನ್ನೇ ಮೊದಲು ಕಲಿಸುತ್ತೇನೆ. `I` ಕೂಡಿಸುವ ಸಾಲಿಗೆ ಇನ್ನೊಂದು ಪದ ಸೇರಿಸಿದರೆ ಸಾಕು:

```
I := I + ((Kp/Ti)*e + (OUT - U)/Tt)*dt;
```

ಆ ಸಾಲು `U`, `OUT` ಲೆಕ್ಕ ಆದ ಮೇಲೆ ಬರಬೇಕು. `U` ತುದಿ ದಾಟಿದಷ್ಟೂ ಎರಡನೇ ಪದ `I`ಯನ್ನು ಹಿಂದಕ್ಕೆ ಎಳೆಯುತ್ತದೆ, ಎಷ್ಟು ಬೇಗ ಅನ್ನೋದನ್ನು ಹೇಳುವ ಸಮಯವೇ Tt. `IF` ಬೇಕಿಲ್ಲ, ಬದಲಾವಣೆ ಮೆತ್ತಗೆ ಆಗುತ್ತದೆ.

ಪ್ರೊಸೆಸ್ ಕಂಟ್ರೋಲ್ ಇಂಜಿನಿಯರ್, ಬಾಗಲಕೋಟೆ

ಒಳ್ಳೆಯ ವಿಧಾನ ಮೇಡಂ. ಆದರೆ Tt ಎಷ್ಟು ಅನ್ನೋದರ ಮೇಲೆ ಎಲ್ಲ ನಿಂತಿದೆ. D ಇಲ್ಲದ ಲೂಪಿಗೆ ಹಲವರು Tt ಅನ್ನು Tiಗೆ ಸಮ ಇಡುತ್ತಾರೆ. ಇವರ ಅಂಕಿಯಲ್ಲಿ 60 ಇಟ್ಟರೆ `U` 120ರಲ್ಲಿ ನಿಲ್ಲುತ್ತದೆ, `I` 100. ಅಂದರೆ ಬೆಳಗಾವಿಯವರ ಲಿಮಿಟ್ ಹಾಕಿದ ಹಾಗೇ ಆಯಿತು! 20 ಇಟ್ಟರೆ `I` ಸುಮಾರು 87ರಲ್ಲಿ ನಿಲ್ಲುತ್ತದೆ, ಅದು ಚೆನ್ನಾಗಿದೆ. ತೀರಾ ಸಣ್ಣದು ಇಟ್ಟರೆ ಬೇರೆ ತೊಂದರೆ. ಸಿಗ್ನಲ್‌ನಲ್ಲಿ ಗದ್ದಲ ಇದ್ದು ಒಂದು ಕ್ಷಣ `U` ತುದಿ ದಾಟಿದರೂ `I` ಅಷ್ಟನ್ನೂ ಕಳೆದುಕೊಳ್ಳುತ್ತದೆ. ಉಷ್ಣತೆ ಅಳೆಯುವ ಆರ್‌ಟಿಡಿಯಲ್ಲಿ ಆ ಭಯ ಕಡಿಮೆ. ಡ್ರಿಪ್ ಪಂಪಿನ ಪ್ರೆಶರ್ ಲೂಪಿನಲ್ಲಿ ಇದೆ.

ಉಪನ್ಯಾಸಕಿ, ಬೆಳಗಾವಿ

ನಿಮ್ಮ `IF` ವಿಧಾನದಲ್ಲಿ ತುದಿ ಮುಟ್ಟಿದ ಗಳಿಗೆಯಲ್ಲಿ `I` ಎಷ್ಟಿತ್ತೋ ಅಷ್ಟಕ್ಕೇ ಅಂಟಿಕೊಳ್ಳುತ್ತದಲ್ಲ? ಪ್ರೆಶರ್ ನಿಧಾನಕ್ಕೆ ಬಿದ್ದರೆ ಎರರ್ 2 ಇರುವಾಗಲೇ ತುದಿ ಮುಟ್ಟಬಹುದು. ಆಗ `I` 92. ಪ್ರತಿ ಸಲ ಒಂದೊಂದು ಥರ ನಡೆಯುತ್ತದೆ. ನನ್ನದರಲ್ಲಿ ಹಾಗಾಗಲ್ಲ.

ಪ್ರೊಸೆಸ್ ಕಂಟ್ರೋಲ್ ಇಂಜಿನಿಯರ್, ಬಾಗಲಕೋಟೆ

ಆ ಮಾತು ನಿಜ. ಆದರೂ ರಾತ್ರಿ ಪಾಳಿಯಲ್ಲಿ ಕೋಡ್ ನೋಡುವವನಿಗೆ `IF` ಬೇಗ ಅರ್ಥವಾಗುತ್ತದೆ. ಹಾಗಾಗಿ ನಾನು ಅದನ್ನೇ ಹಾಕುತ್ತೇನೆ.

ಪ್ರಶ್ನೆ ಕೇಳಿದವರು

ಸರ್, `IF` ಹಾಕಿದೆ. ನೀವು ಲೆಕ್ಕ ಹಾಕಿದ ಹಾಗೆ `I` ಮತ್ತು `U` ಎರಡನ್ನೂ ಟ್ರೆಂಡ್‌ಗೆ ಸೇರಿಸಿದೆ. ಮೊದಲು ಹಳೆ ಕೋಡ್‌ನಲ್ಲೇ ನೋಡಿದೆ, `U` 400 ದಾಟಿತ್ತು. ಈಗ ಆವಿ ಬಂದಾಗ ವಾಲ್ವ್ 68ರ ಹತ್ತಿರವೇ ಮುಚ್ಚಲು ಶುರು ಮಾಡುತ್ತದೆ, ರಸ 75ಕ್ಕೆ ಹೋಗಿ ಇಳಿಯುತ್ತದೆ. ಆದರೆ ಮಿಲ್ ನಿಂತಾಗ ಇನ್ನೊಂದು ತೊಂದರೆ. ರಸ ಹರಿಯಲ್ಲ, ಪೈಪಿನಲ್ಲಿರುವ ಆರ್‌ಟಿಡಿ ತಣ್ಣಗಾಗುತ್ತದೆ, ವಾಲ್ವ್ 100ಕ್ಕೆ ಹೋಗುತ್ತದೆ. ಮಿಲ್ ಶುರುವಾದ ಕೂಡಲೇ ಕುದಿಯುವ ರಸ ಬರುತ್ತದೆ. ಆ್ಯಂಟಿ ವಿಂಡಪ್ ಇದ್ದೂ ಯಾಕೆ?

ಪ್ರೊಸೆಸ್ ಕಂಟ್ರೋಲ್ ಇಂಜಿನಿಯರ್, ಬಾಗಲಕೋಟೆ

ಇದು ವಿಂಡಪ್ ಅಲ್ಲ. ಹರಿವೇ ಇಲ್ಲದಾಗ ಆರ್‌ಟಿಡಿ ಹೇಳೋದು ಹೀಟರ್ ಒಳಗಿನ ಸುದ್ದಿ ಅಲ್ಲ. `I` ಎಷ್ಟೇ ಇರಲಿ, P ಒಂದೇ ವಾಲ್ವ್ ತೆರೆಸುತ್ತದೆ. ಜ್ಯೂಸ್ ಪಂಪಿನ ರನ್ ಸಿಗ್ನಲ್ ತಗೊಳ್ಳಿ. ಪಂಪು ನಿಂತರೆ ವಾಲ್ವ್ ಮುಚ್ಚಿ, ಲೂಪನ್ನು ಹಿಡಿದಿಡಿ. ಪಂಪು ಶುರುವಾದಾಗ ವಾಲ್ವ್ ಎಲ್ಲಿಂದ ಹೊರಡಬೇಕೋ ಆ ಅಂಕಿಯನ್ನು `OUT`ಗೆ ಕೊಟ್ಟು `I := OUT - Kp*e` ಅಂತ ಒಂದು ಸಲ ತುಂಬಿಸಿ, ಆಮೇಲೆ ಆಟೋಗೆ ಬಿಡಿ. ನಾನಾಗಿದ್ದರೆ ನಿಲ್ಲುವ ಮೊದಲು ಇದ್ದ ಓಪನಿಂಗ್ ಕೊಡುತ್ತೇನೆ.

ಪ್ಯಾನೆಲ್ ಕೆಲಸದವರು, ಉದ್ಯಮಬಾಗ, ಬೆಳಗಾವಿ

ಅದು ಅಪಾಯ ಸರ್. ಟ್ಯೂಬ್ ಒಳಗೆ ನಿಂತ ರಸ ಆಗಲೇ ಬಿಸಿ ಇರುತ್ತೆ. ಹೊರಗೆ ಆರ್‌ಟಿಡಿ ತಣ್ಣಗಿರುತ್ತೆ. 30ರಿಂದ ಶುರು ಮಾಡಿ ಏರಿಸಿ.

ಪ್ರೊಸೆಸ್ ಕಂಟ್ರೋಲ್ ಇಂಜಿನಿಯರ್, ಬಾಗಲಕೋಟೆ

ಐದು ನಿಮಿಷದ ನಿಲುಗಡೆಗೆ ನಿಮ್ಮ ಮಾತು ಸರಿ. ಎರಡು ಗಂಟೆ ನಿಂತರೆ ಟ್ಯೂಬೂ ತಣ್ಣಗಾಗಿರುತ್ತದೆ, ಆಗ 30 ಸಾಲದು. ತಣ್ಣನೆ ರಸ ಸಲ್ಫಿಟೇಶನ್‌ಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು

ನಮ್ಮಲ್ಲಿ ಎರಡೂ ಥರ ನಿಲ್ಲುತ್ತದೆ ಸರ್. ಪಂಪಿನ ರನ್ ಸಿಗ್ನಲ್ ಎಂಸಿಸಿಯಲ್ಲಿ ಖಾಲಿ ಕಾಂಟ್ಯಾಕ್ಟ್ ಇದೆ, ನಾಳೆ ಕೇಬಲ್ ಎಳೆಯುತ್ತೇನೆ. ಯಾವ ಓಪನಿಂಗ್‌ನಿಂದ ಶುರು ಅನ್ನೋದನ್ನು ಪಾಳಿಯ ಕೆಮಿಸ್ಟ್ ಹತ್ತಿರ ಕೇಳಿ ಇಲ್ಲಿ ಹಾಕುತ್ತೇನೆ.

ದ್ರಾಕ್ಷಿ ಬೆಳೆಗಾರ, ವಿಜಯಪುರ ಜಿಲ್ಲೆ

ನಮ್ಮ ಕಂಟ್ರೋಲರ್‌ನಲ್ಲಿ ಮೇಲ್ಮಿತಿ 90 ಮಾಡಿದೆ ರೀ. ಫಿಲ್ಟರ್ ತೊಳೆದ ಮೇಲೆ ಪಂಪು ಈಗ ಬೇಗ ಇಳಿಯುತ್ತೆ, ಆದರೂ ಒಂದು ಸಲ ಪ್ರೆಶರ್ ಜಿಗಿಯುತ್ತೆ. ಡ್ರೈವ್‌ನ ಡಿಸೆಲರೇಶನ್ ಟೈಮ್ 30 ಸೆಕೆಂಡ್ ಇದೆ. ಅದೂ ಕಾರಣ ಇರಬಹುದಾ?

ಪ್ರೊಸೆಸ್ ಕಂಟ್ರೋಲ್ ಇಂಜಿನಿಯರ್, ಬಾಗಲಕೋಟೆ

ಇರಬಹುದು ಅಣ್ಣಾ. ಕಂಟ್ರೋಲರ್ ಇಳಿ ಅಂದರೂ ಡ್ರೈವ್ ತನ್ನ ವೇಗದಲ್ಲೇ ಇಳಿಯುತ್ತದೆ. ಅದೂ ಒಂದು ತಡೆಯೇ, ಕಂಟ್ರೋಲರ್‌ಗೆ ಅದೂ ಗೊತ್ತಿಲ್ಲ. 10 ಸೆಕೆಂಡ್‌ಗೆ ಇಳಿಸಿ ನೋಡಿ. ಡ್ರೈವ್ ಓವರ್‌ವೋಲ್ಟೇಜ್ ಅಂತ ಟ್ರಿಪ್ ಆದರೆ ಸ್ವಲ್ಪ ಏರಿಸಿ.