ಇವತ್ತಿನ ಪಾಠವನ್ನು ಘಟಕಕ್ಕೂ ವರ್ಷಕ್ಕೂ ಹೇಗೆ ಜೋಡಿಸುತ್ತೀರಿ?

ಕೇಳಿದವರು: ಸೋಮವಾರಪೇಟೆ ಕಡೆಯ ಶಿಕ್ಷಕಿ, ಐದನೇ ತರಗತಿ ಗಣಿತ

ಜೂನಿನಲ್ಲಿ ವಾರ್ಷಿಕ ಯೋಜನೆ ಬರೆದು ಬೀರುವಿನಲ್ಲಿ ಇಟ್ಟೆ. ಘಟಕ ಯೋಜನೆ ಬೇರೆ, ಪಾಠ ಟಿಪ್ಪಣಿ ಬೇರೆ. ದಿನದ ಪಾಠ ಚೆನ್ನಾಗಿಯೇ ಆಗುತ್ತದೆ. ಆದರೆ ಸೆಮಿಸ್ಟರ್ ಕೊನೆಗೆ ನೋಡಿದರೆ ಮಕ್ಕಳ ತಲೆಯಲ್ಲಿ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಮುಂದಿನ ವಾರ ಸಮಾನ ಭಿನ್ನರಾಶಿ ಶುರು. ಆ ಒಂದು ಪಾಠ ಹಿಡಿದು ಯಾರಾದರೂ ತೋರಿಸುತ್ತೀರಾ?

ಕುಶಾಲನಗರದ ಶಿಕ್ಷಕರು

ಮೇಡಂ, ಮೊದಲು ಕ್ಯಾಲೆಂಡರ್ ತೆಗೆಯಿರಿ. ರಜೆ, ಪರೀಕ್ಷೆ, ಕ್ರೀಡಾಕೂಟ ಎಲ್ಲ ಕಳೆದು ನಿಜವಾಗಿ ಎಷ್ಟು ಪಿರಿಯಡ್ ಸಿಗುತ್ತದೆ ಎಂದು ಎಣಿಸಿ. ಪುಸ್ತಕದ ಪುಟ ನೋಡಿ ಘಟಕಗಳಿಗೆ ಹಂಚಿ. ಆಮೇಲೆ ಪ್ರತಿ ಪಾಠಕ್ಕೂ ತಾರೀಖು ಹಾಕಿ. ತಾರೀಖು ತಪ್ಪದೆ ಹೋದರೆ ಜೋಡಣೆ ತಾನಾಗಿ ಬರುತ್ತದೆ.

ಮಡಿಕೇರಿ ತಾಲೂಕಿನ ಶಿಕ್ಷಕಿ, 22 ವರ್ಷ ಸೇವೆ

ಸರ್ ಹೇಳಿದ ಎಣಿಕೆ ಸರಿ, ಅದನ್ನು ಮಾಡಲೇಬೇಕು. ಆದರೆ ಪುಟದ ಲೆಕ್ಕ ನಂಬಬೇಡಿ. ನಮ್ಮಲ್ಲಿ ಮಳೆಗಾಲದಲ್ಲಿ ತಾರೀಖು ನಿಲ್ಲುವುದೂ ಇಲ್ಲ. ಜುಲೈನಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಮಳೆ ರಜೆ ಬಂದಿರುತ್ತದೆ. ನಾನು ತಾರೀಖು ಹಾಕುವುದನ್ನು ಬಿಟ್ಟು ವಾರ ಹಾಕುತ್ತೇನೆ. ಘಟಕಕ್ಕೆ 14 ಪಿರಿಯಡ್ ಇದ್ದರೆ 12ಕ್ಕೆ ಮಾತ್ರ ಪಾಠ ಬರೆದು 2 ಖಾಲಿ ಬಿಡುತ್ತೇನೆ.

ಜೋಡಣೆ ಅಂದರೆ ನನಗೆ ಬೇರೆಯೇ. ನಮ್ಮ ಐದನೇ ತರಗತಿಯ ಕಲಿಕಾ ಫಲದಲ್ಲಿ ಎರಡು ಸಾಲು ನೋಡಿ. ಕೊಟ್ಟ ಭಿನ್ನರಾಶಿಗೆ ಸಮಾನವಾದುದನ್ನು ಗುರುತಿಸಿ ಬರೆಯುವುದು ಒಂದು. 1/2, 1/4, 1/5 ಇಂಥವನ್ನು ದಶಮಾಂಶದಲ್ಲಿ ಬರೆಯುವುದು ಇನ್ನೊಂದು. ವಾರ್ಷಿಕ ಯೋಜನೆಯಲ್ಲಿ ಇವು ಬೇರೆ ಬೇರೆ ಘಟಕ, ನಡುವೆ ತಿಂಗಳುಗಳ ಅಂತರ. ಆದರೆ 1/2 ಹೇಗೆ 0.5 ಆಗುತ್ತದೆ? 1/2 ಮತ್ತು 5/10 ಒಂದೇ ಎಂದು ಗೊತ್ತಿದ್ದರೆ ಮಾತ್ರ ಆಗುತ್ತದೆ. 1/4 ಆದರೆ 25/100 ಬೇಕು. ಅಂದರೆ ನೀವು ಮುಂದಿನ ವಾರ ಮಾಡುವ ಪಾಠದ ಮೇಲೆ ದಶಮಾಂಶದ ಘಟಕ ನಿಂತಿದೆ.

ನಾನು ಇದನ್ನು ಕಲಿತದ್ದು ಕಷ್ಟಪಟ್ಟು. ಒಂದು ವರ್ಷ ಕಾಗದ ಮಡಚಿ ಸಮಾನ ಭಿನ್ನರಾಶಿ ಮಾಡಿಸಿದೆ. ಮಕ್ಕಳು ಖುಷಿಯಿಂದ ಮಾಡಿದರು, ಎಲ್ಲರಿಗೂ ಬಂತು. ದಶಮಾಂಶ ಬಂದಾಗ ಅರ್ಧ ತರಗತಿ 1/4 ಅನ್ನು 1.4 ಎಂದು ಬರೆಯಿತು. ಯಾಕೆ ಎಂದು ಹಳೆ ಟಿಪ್ಪಣಿ ತೆಗೆದು ನೋಡಿದೆ. ಕಾಗದ ಮಡಚಿದರೆ 2, 4, 8 ಭಾಗ ಬರುತ್ತದೆ ಅಷ್ಟೇ. ನಾನು ಕೊಟ್ಟ ಉದಾಹರಣೆಗಳಲ್ಲಿ ಛೇದ 10 ಇರುವುದು ಒಂದೂ ಇರಲಿಲ್ಲ, 100 ಕೇಳಲೇಬೇಡಿ. ಪಾಠ ಚೆನ್ನಾಗಿತ್ತು, ಆದರೆ ಅದು ಮುಂದಿನ ಘಟಕಕ್ಕೆ ದಾರಿ ಬಿಟ್ಟಿರಲಿಲ್ಲ.

ಈಗ ಮಾಡುವುದು ಹೀಗೆ. ಮೊದಲ ಪಿರಿಯಡ್ಡಿನಲ್ಲಿ ಕಾಗದ ಮಡಚುವುದು ಇದ್ದೇ ಇದೆ. ಎರಡನೆಯದರಲ್ಲಿ ಪ್ರತಿ ಮಗುವಿಗೆ 10 ಸೆಂ.ಮೀ. ಉದ್ದದ ಕಾಗದದ ಪಟ್ಟಿ. ಸ್ಕೇಲ್ ಇಟ್ಟು 10 ಭಾಗ ಗೆರೆ ಎಳೆದು ಮಧ್ಯಕ್ಕೆ ಮಡಚಿದರೆ 5ನೇ ಗೆರೆಯ ಮೇಲೆ ಬೀಳುತ್ತದೆ. 1/5 ಹುಡುಕಿದರೆ 2/10. 1/4 ಕೇಳಿದರೆ ಮಡಿಕೆ ಎರಡನೇ ಮತ್ತು ಮೂರನೇ ಗೆರೆಯ ನಡುವೆ ಬೀಳುತ್ತದೆ. ಆಗ ಯಾರಾದರೊಬ್ಬರು "ಟೀಚರ್, ಇದು ಸರಿಯಾಗಿ ಬರ್ತಿಲ್ಲ" ಅಂತಾರೆ. ಆ ಮಾತಿಗಾಗಿಯೇ ನಾನು ಕಾಯುತ್ತಿರುತ್ತೇನೆ. ಮೂರನೇ ಪಿರಿಯಡ್ಡಿಗೆ 10ಕ್ಕೆ 10 ಚೌಕಗಳ ಹಾಳೆ. ಅದರ ಕಾಲು ಭಾಗಕ್ಕೆ ಬಣ್ಣ ಹಚ್ಚಿದರೆ 25 ಚೌಕ. ದಶಮಾಂಶ ಅನ್ನುವ ಪದ ಅಲ್ಲಿ ತರುವುದೇ ಇಲ್ಲ. ಆ ಹಾಳೆಗಳನ್ನು ಎತ್ತಿಟ್ಟು ದಶಮಾಂಶದ ಮೊದಲ ದಿನ ಅವರ ಕೈಗೇ ವಾಪಸ್ ಕೊಡುತ್ತೇನೆ.

ಟಿಪ್ಪಣಿಯ ತಲೆಯಲ್ಲಿ ಮೂರು ಸಣ್ಣ ಸಾಲು: ನಿನ್ನೆ ಎಲ್ಲಿಗೆ ನಿಂತಿತು, ಇವತ್ತು ಮಗು ಏನು ಮಾಡಬೇಕು, ಇದು ಮುಂದೆ ಯಾವ ಘಟಕಕ್ಕೆ ಬೇಕು. ಮೂರನೇ ಸಾಲು ಬರೆಯಲು ವಾರ್ಷಿಕ ಯೋಜನೆ ತೆರೆಯಲೇಬೇಕಾಗುತ್ತದೆ.

ಗೋಣಿಕೊಪ್ಪದ ಶಿಕ್ಷಕರು

ಇದಕ್ಕೆ ಯಾವ ನಮೂನೆ ಬಳಸುತ್ತೀರಿ? ಸಿಆರ್‌ಪಿ ಬಂದಾಗ ತೋರಿಸಲು ಕಾಲಂ ಎಷ್ಟು ಇರಬೇಕು?

ಮಡಿಕೇರಿ ತಾಲೂಕಿನ ಶಿಕ್ಷಕಿ

ಸರ್, ನಿಮ್ಮ ಕ್ಲಸ್ಟರಿನಲ್ಲಿ ಕೊಟ್ಟ ನಮೂನೆಯೇ ಸಾಕು. ಆ ಮೂರು ಸಾಲನ್ನು ನಾನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತೇನೆ.

ಕೇಳಿದವರು

ಅಕ್ಕ, ಮಕ್ಕಳಿಗೆ ಬಂದಿದೆಯೋ ಇಲ್ಲವೋ ಆವತ್ತೇ ಹೇಗೆ ತಿಳಿಯುತ್ತೀರಿ? ಎಲ್ಲರ ಪುಸ್ತಕ ನೋಡಲು ಸಮಯ ಸಿಗಲ್ಲ. ಬಂದಿಲ್ಲ ಅಂದರೆ ಮುಂದಿನ ಪಾಠ ನಿಲ್ಲಿಸಬೇಕಾ?

ಮಡಿಕೇರಿ ತಾಲೂಕಿನ ಶಿಕ್ಷಕಿ

ಕೊನೆಯ ಐದು ನಿಮಿಷಕ್ಕೆ ಒಂದೇ ಲೆಕ್ಕ, ಚಿತ್ರ ಇಲ್ಲದೆ: 1/2 = ?/10. ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯಲಿ. 5 ಬರೆದವರು ಸರಿ. 9 ಬರೆದವರನ್ನು ಗಮನಿಸಿ. ಅವರು ಸುಮ್ನೆ ಊಹೆ ಮಾಡಿದ್ದಲ್ಲ. ಕೆಳಗೆ 2 ಇದ್ದದ್ದು 10 ಆಗಲು 8 ಕೂಡಿಸಿದರು, ಮೇಲೂ 8 ಕೂಡಿಸಿದರು. ಪಟ್ಟಿಯ ಮೇಲೆ 9/10 ತೋರಿಸಿ, ಇದು ಅರ್ಧವಾ ಎಂದು ಕೇಳಿದರೆ ಅವರೇ ನಗುತ್ತಾರೆ. ಆದರೆ ಗುಣಿಸುವುದು ಯಾಕೆ ಎಂದು ತಿಳಿಯಲು ಇನ್ನೊಂದು ದಿನ ಬೇಕು.

ಕಳೆದ ವರ್ಷ ನನ್ನ 27 ಮಕ್ಕಳಲ್ಲಿ 11 ಮಂದಿ 9 ಬರೆದರು. ಖಾಲಿ ಬಿಟ್ಟಿದ್ದ 2 ಪಿರಿಯಡ್ ಅಲ್ಲೇ ಹೋಯಿತು. ಆಮೇಲೆ ಮಳೆ ರಜೆಯಲ್ಲಿ ಇನ್ನೆರಡು ಹೋಯಿತು. ಈಗ ಯಾವುದನ್ನು ಕಡಿಮೆ ಮಾಡುವುದು? ಇಲ್ಲೇ ವಾರ್ಷಿಕ ಯೋಜನೆ ಕೆಲಸಕ್ಕೆ ಬರುತ್ತದೆ. ಮುಂದಿನ ಘಟಕ ಯಾವುದರ ಮೇಲೆ ನಿಂತಿದೆಯೋ ಅದನ್ನು ಮುಟ್ಟಲಿಲ್ಲ. ಭಿನ್ನರಾಶಿ ಹೋಲಿಕೆಗೆ 3 ಪಿರಿಯಡ್ ಇಟ್ಟಿದ್ದೆ, 1 ಮಾಡಿದೆ. ಸಮಾನ ಭಿನ್ನರಾಶಿ ಗಟ್ಟಿಯಾದ ಮಗುವಿಗೆ ಹೋಲಿಕೆ ಬೇಗ ಬರುತ್ತದೆ. ಬದಲಾದ್ದನ್ನು ಘಟಕ ಯೋಜನೆಯಲ್ಲೇ ಕೆಂಪು ಪೆನ್ನಿನಿಂದ ತಿದ್ದಿದೆ, ಹೊಸದಾಗಿ ಬರೆಯಲಿಲ್ಲ. ಈ ವರ್ಷದ ಯೋಜನೆ ಬರೆಯುವಾಗ ಆ ಕೆಂಪು ಗುರುತುಗಳೇ ಜಾಸ್ತಿ ಉಪಯೋಗಕ್ಕೆ ಬಂದವು. ಸಮಾನ ಭಿನ್ನರಾಶಿಗೆ 4 ಇದ್ದದ್ದನ್ನು 6 ಮಾಡಿದೆ.

ಕುಶಾಲನಗರದ ಶಿಕ್ಷಕರು

ಹೋಲಿಕೆ ಒಂದೇ ಪಿರಿಯಡ್ ಅನ್ನುವುದನ್ನು ನಾನು ಒಪ್ಪುವುದಿಲ್ಲ ಮೇಡಂ. 1/8 ದೊಡ್ಡದಾ 1/5 ದೊಡ್ಡದಾ ಎಂದರೆ 8 ದೊಡ್ಡ ಸಂಖ್ಯೆ ಎಂದು 1/8 ಹೇಳುವ ಮಕ್ಕಳು ನನ್ನಲ್ಲಿ ತುಂಬ ಇದ್ದಾರೆ. ಅದಕ್ಕೇ ಎರಡು ದಿನ ಬೇಕು. ಖಾಲಿ ಪಿರಿಯಡ್ ಬಿಡುವುದು ಮಾತ್ರ ಈ ವರ್ಷದಿಂದಲೇ ಮಾಡುತ್ತೇನೆ.

ಮಡಿಕೇರಿ ತಾಲೂಕಿನ ಶಿಕ್ಷಕಿ

ನೀವು ಹೇಳಿದ ತಪ್ಪು ನಿಜ ಸರ್. ನಾನು ಅದನ್ನು ಘಟಕದ ಮೊದಲ ದಿನವೇ ಕೇಳಿ ನೋಡುತ್ತೇನೆ. ಅಲ್ಲಿ ತಪ್ಪಿದರೆ ನನ್ನ ಲೆಕ್ಕವೂ ಬದಲಾಗುತ್ತದೆ.

ವಿರಾಜಪೇಟೆ ಕಡೆಯ ನಲಿಕಲಿ ಶಿಕ್ಷಕಿ

ನನ್ನದು 1ರಿಂದ 3, ಒಂದೇ ಕೋಣೆ. ನಮಗೆ ಕಲಿಕಾ ಏಣಿ ಇರುವುದರಿಂದ ಪ್ರತಿ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂದು ಗೋಡೆಯಲ್ಲೇ ಕಾಣುತ್ತದೆ. ಜೋಡಣೆ ಮೊದಲೇ ಮಾಡಿ ಕೊಟ್ಟಿದ್ದಾರೆ. ನನ್ನ ಕಷ್ಟ ಬೇರೆ. ಕಾಫಿ ಕುಯ್ಲು ಶುರುವಾದರೆ ಲೈನ್ ಮನೆಗಳಿಗೆ ಹೊರಗಿನಿಂದ ಕುಟುಂಬಗಳು ಬರುತ್ತವೆ. ಜನವರಿಯಲ್ಲಿ ನಾಲ್ಕೈದು ಹೊಸ ಮಕ್ಕಳು ಸೇರುತ್ತಾರೆ, ಕುಯ್ಲು ಮುಗಿದರೆ ಹೊರಟುಬಿಡುತ್ತಾರೆ. ಏಣಿಯಲ್ಲಿ ಅವರನ್ನು ಎಲ್ಲಿ ನಿಲ್ಲಿಸಲಿ ಎಂದು ತಿಳಿಯಲು ನನಗೆ ಒಂದು ವಾರ ಆಗುತ್ತದೆ. ಐದನೆಯಲ್ಲಿ ನೀವು ಏನು ಮಾಡುತ್ತೀರಿ?

ಮಡಿಕೇರಿ ತಾಲೂಕಿನ ಶಿಕ್ಷಕಿ

ಸರಿಯಾದ ಉತ್ತರ ನನ್ನ ಹತ್ತಿರ ಇಲ್ಲಮ್ಮ. ಬಂದ ದಿನ 1/2 = ?/10 ಲೆಕ್ಕವನ್ನೇ ಕೊಡುತ್ತೇನೆ. ಬಾರದಿದ್ದರೆ ಪಟ್ಟಿ, ಚೌಕದ ಹಾಳೆ ಕೊಟ್ಟು ಚೆನ್ನಾಗಿ ಬಲ್ಲ ಮಗುವಿನ ಪಕ್ಕ ಕೂರಿಸುತ್ತೇನೆ. ಕೆಲವರು ಹಿಡಿದುಕೊಂಡರು. ಹೋದ ವರ್ಷ ಒಬ್ಬ ಹುಡುಗ ಚೌಕದ ಹಾಳೆಯಲ್ಲಿ 25 ತುಂಬಿಸಿ ಮುಗಿಸುವಷ್ಟರಲ್ಲಿ ಅವರ ಮನೆಯವರು ಹೊರಟೇಬಿಟ್ಟರು. ಆ ಹಾಳೆ ನನ್ನ ಬಳಿಯೇ ಉಳಿದಿದೆ.

ಕೇಳಿದವರು

ಇವತ್ತು ಸಂಜೆ ವಾರ್ಷಿಕ ಯೋಜನೆ ಬೀರುವಿನಿಂದ ಹೊರಗೆ ತೆಗೆದೆ. ನಾನು ದಶಮಾಂಶವನ್ನು ಜನವರಿಗೆ ಹಾಕಿದ್ದೇನೆ. ಕುಯ್ಲಿನ ಸಮಯ! ಅದಕ್ಕಿಂತ ಮೊದಲೇ ಮಾಡಲು ಆಗುತ್ತದಾ ಎಂದು ಮುಖ್ಯ ಶಿಕ್ಷಕರನ್ನು ಕೇಳುತ್ತೇನೆ. 10 ಸೆಂ.ಮೀ. ಪಟ್ಟಿಗಳನ್ನು ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಕತ್ತರಿಸುತ್ತಿದ್ದೇನೆ, 19 ಆಯಿತು.